ಮೊಟ್ಟೆಯ ಬಿಳಿ ಲೋಳೆ ಬೆಂದಾಗ ಗಟ್ಟಿಯಾಗುವುದೇಕೆ? ಬೆಳ್ಳಗಾಗುವುದೇಕೆ?

ಹಿತ್ತಲ ಕೋಳಿ ಸಾಕಾಣಿಕೆಯ ತರಬೇತಿಯೊಂದರಲ್ಲಿ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಕೇಳಿದ ಪ್ರಶ್ನೆ ಇದು: "ಸಾರ್, ತುಪ್ಪ ಬಿಸಿ ಮಾಡಿದರೆ ಕರಗುತ್ತದೆ, ಬೆಲ್ಲ ಕರಗುತ್ತದೆ, ನೀರು ಆವಿಯಾಗುತ್ತದೆ. ಮೊಟ್ಟೆ ಮಾತ್ರ ಬಿಸಿಗೆ ಗಟ್ಟಿಯಾಗುತ್ತದಲ್ಲ, ಯಾಕೆ? ತಣ್ಣಗಾದ ಮೇಲೂ ಮತ್ತೆ ಲೋಳೆಯಾಗುವುದಿಲ್ಲವಲ್ಲ?" ಲೇಖಕನು ಬೇಸಾಯಶಾಸ್ತ್ರದವನೇ ಹೊರತು ಕೋಳಿ ವಿಜ್ಞಾನದವನಲ್ಲ. ಆದರೂ ಈ ಪ್ರಶ್ನೆಗೆ ಅಂದು ನೀಡಿದ ಅವಸರದ ಉತ್ತರ ಸಮಾಧಾನ ತರಲಿಲ್ಲವಾದ್ದರಿಂದ, ಅದನ್ನು ಇಲ್ಲಿ ವಿಸ್ತಾರವಾಗಿ ವಿವರಿಸಲಾಗಿದೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಬೇಯುವಾಗ ನೀರು ಆರಿಹೋಗುವುದರಿಂದ ಲೋಳೆ ಗಟ್ಟಿಯಾಗುತ್ತದೆಂದು ಹಲವರು ಭಾವಿಸಿದ್ದಾರೆ. ಹಸಿ ಮೊಟ್ಟೆಯನ್ನು ತೂಗಿ, ಬೇಯಿಸಿ, ಒರೆಸಿ ಮತ್ತೆ ತೂಗಿದರೆ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. 55 ಗ್ರಾಂ ತೂಕದ ಮೊಟ್ಟೆಯಲ್ಲಿ ಬಿಳಿ ಭಾಗ ಸುಮಾರು 33 ಗ್ರಾಂ ಇರುತ್ತದೆ. ಅದರಲ್ಲಿ ಸುಮಾರು 29 ಗ್ರಾಂ ನೀರು, ಮೂರೂವರೆ ಗ್ರಾಂನಷ್ಟು ಪ್ರೋಟೀನು, ಉಳಿದದ್ದು ಅಲ್ಪ ಪ್ರಮಾಣದ ಲವಣ ಮತ್ತು ಸಕ್ಕರೆ. ಬೆಂದು ಗಟ್ಟಿಯಾದ ಬಿಳಿ ಭಾಗದಲ್ಲಿಯೂ ಆ 29 ಗ್ರಾಂ ನೀರು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಅಂದರೆ ಮೂರೂವರೆ ಗ್ರಾಂ ಪ್ರೋಟೀನು ತನ್ನ ಎಂಟು ಪಟ್ಟು ತೂಕದ ನೀರನ್ನು ಕದಲದಂತೆ ಹಿಡಿದು ನಿಲ್ಲಿಸಿದೆ. ಹಸಿ ಲೋಳೆಯಲ್ಲಿ ಅದೇ ಪ್ರೋಟೀನು, ಅದೇ ನೀರು ಇದ್ದರೂ ಈ ಹಿಡಿತವಿರಲಿಲ್ಲ. ಬದಲಾದದ್ದು ಪ್ರೋಟೀನಿನ ಆಕಾರ ಮಾತ್ರ.

ಉಂಡೆ ಬಿಚ್ಚಿ ಬಲೆಯಾಗುವ ಬಗೆ

ಪ್ರೋಟೀನು ಎಂಬುದು ಒಂದು ಉದ್ದನೆಯ ಸರಪಳಿ. ಬಿಳಿ ಭಾಗದ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚಿರುವುದು ಓವಾಲ್ಬುಮಿನ್. ಇದರ ಒಂದೊಂದು ಸರಪಳಿಯಲ್ಲಿಯೂ 385 ಅಮೈನೋ ಆಮ್ಲಗಳೆಂಬ ಕೊಂಡಿಗಳಿವೆ. ಹಸಿ ಮೊಟ್ಟೆಯಲ್ಲಿ ಈ ಸರಪಳಿ ನೂಲಿನ ಉಂಡೆಯಂತೆ ಬಿಗಿಯಾಗಿ ಮಡಚಿಕೊಂಡಿರುತ್ತದೆ. ಕೊಂಡಿಗಳಲ್ಲಿ ಕೆಲವು ನೀರಿನೊಂದಿಗೆ ಬೆರೆಯುವ ಸ್ವಭಾವದವು. ಕೆಲವು ಎಣ್ಣೆಯಂತೆ ನೀರಿನಿಂದ ದೂರ ಸರಿಯುವಂಥವು. ನೀರಿಗೆ ಒಗ್ಗುವವು ಉಂಡೆಯ ಹೊರಮೈಯಲ್ಲಿಯೂ ಒಗ್ಗದವು ಒಳಗೂ ಇರುವಂತೆ ಮಡಿಕೆಗಳು ಬಿದ್ದಿರುತ್ತವೆ. ಆದ್ದರಿಂದಲೇ ಉಂಡೆಗಳು ಒಂದಕ್ಕೊಂದು ಅಂಟದೆ ನೀರಿನಲ್ಲಿ ತೇಲಾಡುತ್ತಿರುತ್ತವೆ, ಲೋಳೆ ಹರಿಯುತ್ತದೆ.

ಮಡಿಕೆಗಳನ್ನು ಹಿಡಿದಿಟ್ಟಿರುವ ಬಂಧಗಳು ಬಿಡಿಬಿಡಿಯಾಗಿ ಬಹಳ ದುರ್ಬಲ. ಬಿಸಿ ಏರಿದಂತೆ ಸರಪಳಿಯ ಕಂಪನ ಹೆಚ್ಚಿ ಅವು ಕಳಚುತ್ತವೆ, ಉಂಡೆ ಸಡಿಲಗೊಂಡು ಬಿಚ್ಚಿಕೊಳ್ಳುತ್ತದೆ. ಅಡಗಿದ್ದ ಎಣ್ಣೆ ಸ್ವಭಾವದ ಭಾಗಗಳು ಆಗ ನೀರಿಗೆ ಎದುರಾಗುತ್ತವೆ. ನೀರಿನಿಂದ ತಪ್ಪಿಸಿಕೊಳ್ಳಲು ಅವು ಪಕ್ಕದ ಸರಪಳಿಯ ಅಂಥದೇ ಭಾಗಗಳಿಗೆ ಅಂಟಿಕೊಳ್ಳುತ್ತವೆ. ಇದರ ಜೊತೆಗೆ ಒಂದು ಸರಪಳಿಯ ಗಂಧಕವು ಮತ್ತೊಂದರ ಗಂಧಕದೊಂದಿಗೆ ಬಲವಾದ ಬೆಸುಗೆ ಹಾಕಿಕೊಳ್ಳುತ್ತದೆ. ಹೀಗೆ ಮೂಲೆಮೂಲೆಗೂ ಹಬ್ಬಿದ ಬಲೆಯೊಂದು ಹೆಣೆದುಕೊಂಡು, ನೀರು ಅದರ ಕಣ್ಣುಗಳೊಳಗೆ ಸಿಕ್ಕಿಬೀಳುತ್ತದೆ. ನಾವು ಗಟ್ಟಿ ಎನ್ನುವುದು ಈ ಬಲೆಯನ್ನು.

ತಣ್ಣಗಾದಾಗ ಹಿಂದಿರುಗದಿರುವುದಕ್ಕೂ ಕಾರಣ ಇದೇ. ತುಪ್ಪ ಕರಗಿದಾಗ ಅದರ ಕಣಗಳು ಬೇರೆಯಾಗುತ್ತವೆಯೇ ಹೊರತು ರೂಪ ಬದಲಿಸುವುದಿಲ್ಲ. ತಣಿದರೆ ಮತ್ತೆ ಜೊತೆಗೂಡುತ್ತವೆ. ಇಲ್ಲಿಯಾದರೋ ಸಾವಿರಾರು ಉಂಡೆಗಳ ನೂಲು ಒಂದರೊಳಗೊಂದು ಸಿಕ್ಕುಬಿದ್ದಿದೆ. ಬಿಸಿಯನ್ನು ಹಿಂದೆಗೆದ ಮಾತ್ರಕ್ಕೆ ಆ ಸಿಕ್ಕು ಬಿಡುವುದಿಲ್ಲ.

ಗಿಣ್ಣಿನ ಉದಾಹರಣೆ

ಹಸು ಕರು ಹಾಕಿದ ಮೊದಲ ದಿನಗಳ ಹಾಲನ್ನು ಹಬೆಯಲ್ಲಿ ಬೇಯಿಸಿದರೆ ಗಿಣ್ಣು ಗಟ್ಟಿಯಾಗಿ ನಿಲ್ಲುತ್ತದೆ. ಅದೇ ಹಸುವಿನ ಹಾಲು ವಾರ ಕಳೆದ ಮೇಲೆ ಎಷ್ಟು ಕುದಿಸಿದರೂ ಗಟ್ಟಿಯಾಗುವುದಿಲ್ಲ. ಗಿಣ್ಣು ಹಾಲಿನಲ್ಲಿ ಕರುವಿಗೆ ರೋಗನಿರೋಧಕ ಶಕ್ತಿ ನೀಡುವ, ಮೊಟ್ಟೆಯ ಪ್ರೋಟೀನಿನಂತೆಯೇ ಉಂಡೆಯಾಗಿ ಮಡಚಿರುವ ಪ್ರೋಟೀನುಗಳು ಹೇರಳವಾಗಿವೆ; ಅವು ಬಿಸಿಗೆ ಬಿಚ್ಚಿ ಬಲೆಯಾಗುತ್ತವೆ. ಸಾಮಾನ್ಯ ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್‌ಗೆ ಅಂಥ ಬಿಗಿಯಾದ ಮಡಿಕೆ ಇಲ್ಲ. ಆದ್ದರಿಂದ ಕುದಿಸಿದಾಗ ಬಿಚ್ಚಿಕೊಳ್ಳುವುದೂ ಇಲ್ಲ. ಅದನ್ನು ಗಟ್ಟಿಗೊಳಿಸಲು ಹುಳಿ ಬೇಕಾಗುತ್ತದೆ.

ಗಿಣ್ಣು ಮಾಡುವವರಿಗೆ ಇನ್ನೊಂದು ವಿಷಯವೂ ಗೊತ್ತಿದೆ. ಮೊದಲ ದಿನದ ಹಾಲಿಗೆ ಸ್ವಲ್ಪ ಸಾಮಾನ್ಯ ಹಾಲು ಬೆರೆಸಿದರೂ ಗಿಣ್ಣು ನಿಲ್ಲುತ್ತದೆ, ಅತಿಯಾಗಿ ಬೆರೆಸಿದರೆ ಒಡಕಲಾಗುತ್ತದೆ. ಮೊಟ್ಟೆಯ ಲೋಳೆಗೆ ನೀರು ಬೆರೆಸಿದಾಗಲೂ ಇದೇ ಆಗುತ್ತದೆ. ಸರಪಳಿಗಳು ಒಂದರಿಂದೊಂದು ದೂರವಾದಷ್ಟೂ ಬಲೆ ಸಡಿಲವಾಗಿ, ಕೊನೆಗೆ ಬಲೆಯೇ ಆಗದೆ ಬಿಳಿ ನೀರಾಗಿ ಉಳಿಯುತ್ತದೆ.

ಬಿಳುಪು ಬೇರೆ, ಗಟ್ಟಿತನ ಬೇರೆ

ಗಟ್ಟಿಯಾಗುವುದು ಮತ್ತು ಬೆಳ್ಳಗಾಗುವುದು ಸಾಮಾನ್ಯವಾಗಿ ಒಟ್ಟಿಗೇ ನಡೆಯುವುದರಿಂದ ನಾವು ಅವೆರಡನ್ನೂ ಒಂದೇ ಎಂದು ತಿಳಿಯುತ್ತೇವೆ. ಲೋಳೆಯಲ್ಲಿ ಬಿಳಿ ಬಣ್ಣದ ಯಾವ ಪದಾರ್ಥವೂ ಇಲ್ಲ. ಹಸಿ ಲೋಳೆಯ ಉಂಡೆಗಳು ಬೆಳಕಿನ ಅಲೆಯ ಉದ್ದಕ್ಕಿಂತ ಸುಮಾರು ನೂರು ಪಟ್ಟು ಚಿಕ್ಕವು. ಬೆಳಕು ಅವುಗಳ ನಡುವೆ ಅಡೆತಡೆಯಿಲ್ಲದೆ ಹಾದುಹೋಗುತ್ತದೆ. ಲೋಳೆ ಪಾರದರ್ಶಕವಾಗಿ ಕಾಣುತ್ತದೆ. ಬೆಂದಾಗ ಸರಪಳಿಗಳು ಗೊಂಚಲುಗೊಂಚಲಾಗಿ ಕೂಡಿ, ಬೆಳಕಿನ ಅಲೆಯಷ್ಟೇ ದಪ್ಪದ ಮುದ್ದೆಗಳಾಗುತ್ತವೆ. ಅವು ಎಲ್ಲ ಬಣ್ಣದ ಬೆಳಕನ್ನೂ ದಿಕ್ಕುದಿಕ್ಕಿಗೆ ಚದುರಿಸುತ್ತವೆ. ಎಲ್ಲ ಬಣ್ಣಗಳೂ ಒಟ್ಟಾಗಿ ಚದುರಿ ಬಂದರೆ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಮೋಡವೂ, ಕಲ್ಲುಸಕ್ಕರೆಯ ಪುಡಿಯೂ ಬೆಳ್ಳಗಿರುವುದು ಹೀಗೆಯೇ.

ಇದಕ್ಕೆ ಒಳ್ಳೆಯ ಸಾಕ್ಷಿ ಚೀನಾದಲ್ಲಿದೆ. ಅಲ್ಲಿ ಬಾತುಕೋಳಿಯ ಮೊಟ್ಟೆಯನ್ನು ಸುಣ್ಣ, ಬೂದಿ, ಉಪ್ಪು ಮೊದಲಾದವುಗಳ ತೀವ್ರ ಕ್ಷಾರದಲ್ಲಿ ಹಲವು ವಾರ ಇಟ್ಟು ಪಿಡಾನ್ ಎಂಬ ಖಾದ್ಯವನ್ನು ತಯಾರಿಸುತ್ತಾರೆ. ಬಿಸಿಯ ಸೋಂಕಿಲ್ಲದೆಯೇ ಅದರ ಬಿಳಿ ಭಾಗ ಗಟ್ಟಿಯಾಗುತ್ತದೆ, ಆದರೆ ಬೆಳ್ಳಗಾಗುವುದಿಲ್ಲ. ಕಂದು ಬಣ್ಣದ, ಬೆಳಕು ಹಾಯುವ ಜೆಲ್ಲಿಯಾಗುತ್ತದೆ. ಕ್ಷಾರವೂ ಉಂಡೆಯನ್ನು ಬಿಚ್ಚುತ್ತದೆ. ಆದರೆ ರಸಸಾರ ಬಹಳ ಹೆಚ್ಚಾದಾಗ ಎಲ್ಲ ಸರಪಳಿಗಳಿಗೂ ಒಂದೇ ಬಗೆಯ ವಿದ್ಯುದಂಶ ಬಂದು ಅವು ಪರಸ್ಪರ ತಳ್ಳಾಡುತ್ತವೆ. ಮುದ್ದೆಗಟ್ಟಲಾಗದೆ, ತೆಳುವಾದ ಎಳೆಗಳಾಗಿಯೇ ಹೆಣೆದುಕೊಳ್ಳುತ್ತವೆ. ಬಲೆ ಇದೆ, ಮುದ್ದೆ ಇಲ್ಲ, ಆದ್ದರಿಂದ ಬಿಳುಪಿಲ್ಲ.

ತರಬೇತಿಯಲ್ಲಿ ತೋರಿಸಬಹುದಾದ ಪ್ರಯೋಗ

ವಿಸ್ತರಣಾ ಕಾರ್ಯಕರ್ತರು ಇದನ್ನು ಸುಲಭವಾಗಿ ಪ್ರದರ್ಶಿಸಬಹುದು. ಒಂದು ಮೊಟ್ಟೆಯ ಬಿಳಿ ಭಾಗವನ್ನು ಬಿಸಿ ತಾಳುವ ಗಾಜಿನ ಲೋಟಕ್ಕೆ ಹಾಕಿ, ಲೋಟವನ್ನು ನೀರಿನ ಪಾತ್ರೆಯಲ್ಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸಬೇಕು. 100 ಡಿಗ್ರಿ ಸೆಲ್ಸಿಯಸ್‌ವರೆಗೆ ತೋರಿಸುವ ಪ್ರಯೋಗಾಲಯದ ಉಷ್ಣಮಾಪಕದ ತುದಿ ಲೋಳೆಯೊಳಗಿರಲಿ. (ಜ್ವರ ನೋಡುವ ಉಷ್ಣಮಾಪಕವನ್ನು ಖಂಡಿತ ಬಳಸಬಾರದು, ಅದು ಒಡೆಯುತ್ತದೆ.)

60 ಡಿಗ್ರಿಯವರೆಗೆ ಕಣ್ಣಿಗೆ ಕಾಣುವಂಥದ್ದೇನೂ ನಡೆಯುವುದಿಲ್ಲ. 62ರ ಆಸುಪಾಸಿನಲ್ಲಿ ಲೋಳೆ ಹಾಲಿನಂತೆ ಮಸುಕಾಗತೊಡಗುತ್ತದೆ. 65ರ ಹೊತ್ತಿಗೆ ಹರಿಯುವುದು ನಿಂತು, ಎಳೆ ಗಂಜಿಯಂತೆ ಅಲುಗಾಡುತ್ತದೆ. ನಂತರ ಬಹಳ ಹೊತ್ತು ಹೆಚ್ಚಿನ ಬದಲಾವಣೆ ಇಲ್ಲ. 80 ದಾಟಿದ ಮೇಲೆ ಮತ್ತೆ ಗಟ್ಟಿಯಾಗಿ, ಚಾಕುವಿನಿಂದ ಕತ್ತರಿಸುವಂತಾಗುತ್ತದೆ. ಎರಡು ಹಂತಗಳಿಗೆ ಕಾರಣ ಎರಡು ಪ್ರೋಟೀನುಗಳು. ಮೊದಲು ಬಿಚ್ಚುವುದು ಓವೋಟ್ರಾನ್ಸ್‌ಫೆರಿನ್. ಇದು ಒಟ್ಟು ಪ್ರೋಟೀನಿನ ಶೇ. 12ರಷ್ಟು ಮಾತ್ರ ಇರುವುದರಿಂದ ಬಲೆ ಎಳಸಾಗಿರುತ್ತದೆ. ಪ್ರಮುಖವಾದ ಓವಾಲ್ಬುಮಿನ್ ಬಿಚ್ಚಲು 80ಕ್ಕಿಂತ ಹೆಚ್ಚಿನ ಬಿಸಿ ಬೇಕು. ಮಡಿಕೇರಿಯಂಥ ಎತ್ತರದ ಊರಿನಲ್ಲಿ ನೀರು ಸುಮಾರು 96 ಡಿಗ್ರಿಯಲ್ಲಿಯೇ ಕುದಿಯುವುದಾದರೂ ಅಲ್ಲಿಯೂ ಮೊಟ್ಟೆ ಚೆನ್ನಾಗಿಯೇ ಬೇಯುತ್ತದೆ. ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ.

ಬಿಸಿಯೇ ಅನಿವಾರ್ಯವಲ್ಲ ಎಂಬುದನ್ನು ತೋರಿಸಲು ಇನ್ನೊಂದು ಲೋಟದ ಲೋಳೆಗೆ ಔಷಧಿ ಅಂಗಡಿಯ ಸ್ಪಿರಿಟನ್ನು ಉರಿಯಿಂದ ದೂರದಲ್ಲಿ ಹಾಕಿ ಕಲಕಬಹುದು. ಲೋಳೆ ಕೂಡಲೇ ಬೆಳ್ಳಗೆ ಎಳೆಯೆಳೆಯಾಗುತ್ತದೆ. ಅದನ್ನು ತಿನ್ನಬಾರದು.

ಅಡುಗೆಯಲ್ಲಿ ಕೆಡುವುದು ಎಲ್ಲಿ?

ತರಬೇತಿಯಲ್ಲಿ ಪ್ರಶ್ನೆ ಕೇಳಿದವರ ನಿಜವಾದ ತೊಂದರೆ ಬೇರೆಯೇ ಇತ್ತು. ಅವರ ಸಂಘದಿಂದ ಬೇಯಿಸಿ ಕೊಡುತ್ತಿದ್ದ ಮೊಟ್ಟೆಗಳ ಸಿಪ್ಪೆ ಸುಲಿಯುವಾಗ ಬಿಳಿ ಭಾಗವೂ ಕಿತ್ತುಬರುತ್ತಿತ್ತು. ಅಂದೇ ಇಟ್ಟ ಮೊಟ್ಟೆಯೆಂದು ಹೆಮ್ಮೆಯಿಂದ ಅಂದೇ ಬೇಯಿಸುತ್ತಿದ್ದರು. ತಾಜಾತನವೇ ಇಲ್ಲಿ ಕಾರಣ. ಹೊಸ ಮೊಟ್ಟೆಯ ಲೋಳೆಯಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿದ್ದು ರಸಸಾರ 7.6ರ ಆಸುಪಾಸಿನಲ್ಲಿರುತ್ತದೆ. ಆಗ ಬೇಯಿಸಿದರೆ ಬಿಳಿ ಭಾಗವು ಒಳಪೊರೆಗೆ ಗಟ್ಟಿಯಾಗಿ ಅಂಟುತ್ತದೆ. ಕೆಲವು ದಿನಗಳಲ್ಲಿ ಆ ಅನಿಲ ಸಿಪ್ಪೆಯ ಸೂಕ್ಷ್ಮ ರಂಧ್ರಗಳ ಮೂಲಕ ಹೊರಹೋಗಿ ರಸಸಾರ 9ಕ್ಕೂ ಮೇಲೇರುತ್ತದೆ, ಅಂಟು ಕಡಿಮೆಯಾಗುತ್ತದೆ. ಬೇಯಿಸುವ ಮೊಟ್ಟೆಯನ್ನು ತಂಪಾದ ಜಾಗದಲ್ಲಿ ನಾಲ್ಕೈದು ದಿನ ಇಟ್ಟು, ತಣ್ಣೀರಿನಿಂದ ಆರಂಭಿಸದೆ ಕುದಿಯುವ ನೀರಿಗೇ ನಿಧಾನವಾಗಿ ಇಳಿಸಿದರೆ ಸುಲಿಯುವುದು ಸುಲಭ. ಹಾಗೆಂದು ಬಹಳ ದಿನ ಇಡುವುದೂ ತರವಲ್ಲ. ಲೋಳೆ ನೀರಾಗಿ, ಹಳದಿ ಭಾಗ ಒಂದು ಬದಿಗೆ ಸರಿಯುತ್ತದೆ.

ಬಿಳಿ ಭಾಗ ಗಟ್ಟಿಯಾಯಿತೆಂದ ಮಾತ್ರಕ್ಕೆ ಮೊಟ್ಟೆ ಪೂರ್ತಿ ಬೆಂದಿತೆಂದು ತಿಳಿಯಬಾರದು. ಬಿಸಿ ಹೊರಗಿನಿಂದ ಒಳಗೆ ಸಾಗುವುದರಿಂದ, ಕುದಿಯುವ ನೀರಿನಲ್ಲಿ ಐದಾರು ನಿಮಿಷ ಕಳೆದಾಗ ಬಿಳಿ ಭಾಗ ನಿಂತಿದ್ದರೂ ನಡುವಿನ ಹಳದಿ ಇನ್ನೂ ಹರಿಯುತ್ತಿರುತ್ತದೆ. ಹಳದಿ ಗಟ್ಟಿಯಾಗುವುದು ಸುಮಾರು 70 ಡಿಗ್ರಿಯಲ್ಲಿ. ಸಾಲ್ಮೊನೆಲ್ಲಾ ರೋಗಾಣು ಇದ್ದಿರಬಹುದಾದ್ದರಿಂದ ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಎರಡೂ ಭಾಗ ಗಟ್ಟಿಯಾದ ಮೊಟ್ಟೆಯನ್ನೇ ಕೊಡಬೇಕು. ಇದಕ್ಕೆ 10ರಿಂದ 12 ನಿಮಿಷ ಬೇಕು. ಶಕ್ತಿಗಾಗಿ ಹಸಿ ಮೊಟ್ಟೆ ಕುಡಿಯುವ ಗರಡಿಮನೆಯ ಅಭ್ಯಾಸವೂ ಸರಿಯಲ್ಲ. ಬಿಗಿಯಾದ ಉಂಡೆಯನ್ನು ಒಡೆಯುವುದು ಜೀರ್ಣರಸಗಳಿಗೆ ಕಷ್ಟ. ಮನುಷ್ಯರಲ್ಲಿ ಅಳೆದು ನೋಡಿದಾಗ ಬೆಂದ ಮೊಟ್ಟೆಯ ಪ್ರೋಟೀನು ಶೇ. 90ರಷ್ಟು, ಹಸಿಯದು ಅರ್ಧದಷ್ಟು ಮಾತ್ರ ಜೀರ್ಣವಾಗುವುದು ಕಂಡುಬಂದಿದೆ.

ಅತಿಯಾಗಿ ಬೇಯಿಸಿದರೂ ಕೆಡುತ್ತದೆ. ಬಲೆ ಬಿಗಿಯುತ್ತಲೇ ಹೋಗಿ ಹಿಡಿದಿದ್ದ ನೀರನ್ನು ಹಿಂಡಿ ಹೊರಹಾಕುತ್ತದೆ. ಬಿಳಿ ಭಾಗ ರಬ್ಬರಿನಂತಾಗುತ್ತದೆ. ಅದರ ಗಂಧಕದಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್ ಅನಿಲವು ಹಳದಿ ಭಾಗದ ಕಬ್ಬಿಣವನ್ನು ಸೇರಿ, ಹಳದಿಯ ಸುತ್ತ ಹಸಿರುಗಪ್ಪು ಉಂಗುರ ಮೂಡುತ್ತದೆ. ಇದು ವಿಷವಲ್ಲ, ಮೊಟ್ಟೆ ಕೊಳೆತ ಲಕ್ಷಣವೂ ಅಲ್ಲ; ಹೊತ್ತು ಮೀರಿದ್ದರ ಗುರುತು. ಬೆಂದ ಕೂಡಲೇ ಮೊಟ್ಟೆಗಳನ್ನು ತಣ್ಣೀರಿಗೆ ಹಾಕಿ, ನೀರು ಬೆಚ್ಚಗಾದಂತೆಲ್ಲ ಬದಲಿಸುತ್ತಿದ್ದರೆ ಉಂಗುರ ಮೂಡುವುದು ಬಹುಮಟ್ಟಿಗೆ ತಪ್ಪುತ್ತದೆ. ಸುಲಿಯುವುದೂ ಸಲೀಸಾಗುತ್ತದೆ.