ಸಣ್ಣ ನವೋದ್ಯಮಗಳಲ್ಲಿ ನಡತೆ ಸಂಹಿತೆಯ ರಚನೆ: ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಉದ್ಯಮಿಗಳಿಗೆ ಮಾಹಿತಿ

ನವೋದ್ಯಮವನ್ನು ಆರಂಭಿಸುವವರು ಅನೇಕ ವೇಳೆ ದೊಡ್ಡ ಕಂಪನಿಯೊಂದರ ನಡತೆ ಸಂಹಿತೆಯನ್ನು ಹಾಗೆಯೇ ನಕಲು ಮಾಡಿಕೊಳ್ಳುವುದುಂಟು. ಅದರಲ್ಲಿ ಹೆಸರಿಸಿದ ಸಮಿತಿಯಾಗಲಿ ಅಧಿಕಾರಿಯಾಗಲಿ ಸಣ್ಣ ಸಂಸ್ಥೆಯಲ್ಲಿ ಇರುವುದಿಲ್ಲ. ಆದುದರಿಂದ ದೂರು ಬಂದ ದಿನ ಅದು ಉಪಯೋಗಕ್ಕೆ ಬರುವುದಿಲ್ಲ. ಸಂಹಿತೆಯ ಪ್ರತಿಯೊಂದು ನಿಯಮದಲ್ಲಿಯೂ ಯಾರಿಗೆ ತಿಳಿಸಬೇಕು, ಯಾರು ತೀರ್ಮಾನಿಸಬೇಕು ಮತ್ತು ಎಲ್ಲಿ ದಾಖಲಿಸಬೇಕು ಎಂಬ ಮೂರು ಅಂಶಗಳಿರತಕ್ಕದ್ದು.

ಉದಾಹರಣೆಗಾಗಿ ಒಂದು ಸಂಸ್ಥೆಯನ್ನು ಕಲ್ಪಿಸಿಕೊಳ್ಳೋಣ. ಶಿರಸಿಯ ಇಬ್ಬರು ಪಾಲುದಾರರು ಮೂರೂ ತಾಲ್ಲೂಕುಗಳ ಬೆಳೆಗಾರರಿಂದ ಕಾಳುಮೆಣಸು ಹಾಗೂ ಚಾಲಿ ಅಡಿಕೆಯನ್ನು ಖರೀದಿಸಿ ಅಂತರ್ಜಾಲದ ಮೂಲಕ ಮಾರುತ್ತಾರೆ. ಏಳು ಮಂದಿ ಕಾಯಂ ನೌಕರರಿದ್ದಾರೆ. ಸುಗ್ಗಿಯಲ್ಲಿ ಆರು ಮಂದಿ ಮಹಿಳೆಯರು ದಿನಗೂಲಿಗೆ ಬರುತ್ತಾರೆ.

1. ಹಿತಾಸಕ್ತಿಯ ಸಂಘರ್ಷ

ಈ ಭಾಗದಲ್ಲಿ ಖರೀದಿ ನೋಡಿಕೊಳ್ಳುವವರ ಬಂಧುಗಳೇ ಬೆಳೆಗಾರರೂ ಆಗಿರುವುದು ಸಾಮಾನ್ಯ. “ಸಂಬಂಧಿಕರೊಡನೆ ವ್ಯವಹಾರ ನಿಷಿದ್ಧ” ಎಂದು ಬರೆದರೆ ಒಂದೋ ವ್ಯಾಪಾರ ನಿಲ್ಲುತ್ತದೆ, ಇಲ್ಲವೇ ಸಂಬಂಧವನ್ನು ಮುಚ್ಚಿಡಲಾಗುತ್ತದೆ. ಸಂಬಂಧವನ್ನು ತಿಳಿಸಿ, ತೀರ್ಮಾನದಿಂದ ದೂರವಿರಬೇಕೆಂದು ಬರೆಯುವುದು ಸೂಕ್ತ.

ಖರೀದಿ ನೌಕರನ ಸೋದರಮಾವ ಸಿದ್ದಾಪುರದಿಂದ ನಾಲ್ಕು ಕ್ವಿಂಟಾಲ್ ಕಾಳುಮೆಣಸು ತಂದರೆನ್ನಿ. ತೂಕವು ಎಲ್ಲರೆದುರು ಆಗುತ್ತದೆ. ಪಕ್ಷಪಾತಕ್ಕೆ ಅವಕಾಶವಿರುವುದು ತೇವಾಂಶ ಮತ್ತು ದರ್ಜೆಯ ನಿರ್ಧಾರದಲ್ಲಿ. ಆದುದರಿಂದ ನೌಕರನು ಮಾಲು ಇಳಿಸುವ ಮೊದಲೇ ಸಂಬಂಧವನ್ನು ವಹಿಯಲ್ಲಿ ಬರೆಯಬೇಕು. ತೇವಾಂಶದ ಅಳತೆ ಮತ್ತು ದರವನ್ನು ಪಾಲುದಾರರೊಬ್ಬರು ನಿಗದಿಪಡಿಸಿ ಸಹಿ ಮಾಡಬೇಕು. ತಿಂಗಳ ಕೊನೆಯಲ್ಲಿ ಇಂತಹ ಖರೀದಿಗಳ ದರವನ್ನು ಅದೇ ದಿನದ, ಅದೇ ದರ್ಜೆಯ ಇತರ ಖರೀದಿಗಳೊಡನೆ ಹೋಲಿಸಬೇಕು. ವ್ಯತ್ಯಾಸ ಮತ್ತೆ ಮತ್ತೆ ಒಂದೇ ಕಡೆಗೆ ವಾಲಿದ್ದರೆ ವಿಚಾರಣೆ ಅಗತ್ಯ.

ಈ ನಿಯಮ ಮಾಲೀಕರಿಗೂ ಅನ್ವಯಿಸತಕ್ಕದ್ದು. ಪಾಲುದಾರನು ಸಂಸ್ಥೆಗೆ ಸ್ಪರ್ಧಿಯಾದ ವ್ಯಾಪಾರ ನಡೆಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅದರ ಲಾಭವನ್ನು ಸಂಸ್ಥೆಗೆ ಒಪ್ಪಿಸಬೇಕೆಂದು ಪಾಲುದಾರಿಕೆ ಅಧಿನಿಯಮ, 1932ರ 16ನೇ ಪ್ರಕರಣ ಹೇಳುತ್ತದೆ.

2. ಗೋಪ್ಯ ಮಾಹಿತಿ

“ಎಲ್ಲ ಮಾಹಿತಿಯೂ ಗೋಪ್ಯ” ಎಂಬ ವಾಕ್ಯದಿಂದ ಪ್ರಯೋಜನವಿಲ್ಲ. ಗೋಪ್ಯವಾದುದನ್ನು ಪಟ್ಟಿ ಮಾಡಬೇಕು: ಬೆಳೆಗಾರರ ದೂರವಾಣಿ ಮತ್ತು ಬ್ಯಾಂಕ್ ಖಾತೆ ವಿವರ, ಗ್ರಾಹಕರ ವಿಳಾಸ, ಖರೀದಿ ದರ ಹಾಗೂ ಲಾಭಾಂಶ. ಮಾರುಕಟ್ಟೆಯ ಪ್ರಕಟಿತ ಧಾರಣೆ ಗೋಪ್ಯವಲ್ಲ. ನೌಕರನ ನೆನಪಿನಲ್ಲಿರುವ ನೆರೆಹೊರೆಯವರ ಹೆಸರೂ ಗೋಪ್ಯವಾಗಲಾರದು. ಕಾನೂನು ಉಲ್ಲಂಘನೆಯನ್ನು ಸರ್ಕಾರಿ ಪ್ರಾಧಿಕಾರಕ್ಕೆ ತಿಳಿಸಲು ಗೋಪ್ಯತೆ ಅಡ್ಡಿಯಾಗದೆಂದೂ ನಮೂದಿಸಬೇಕು.

ಕೆಲಸ ಬಿಟ್ಟ ನಂತರ ಎರಡು ವರ್ಷ ಬೇರೆ ವ್ಯಾಪಾರಿಯ ಬಳಿ ಸೇರಬಾರದೆಂಬ ಷರತ್ತನ್ನು ಕೆಲವರು ಹಾಕುತ್ತಾರೆ. ಭಾರತೀಯ ಕರಾರು ಅಧಿನಿಯಮ, 1872ರ 27ನೇ ಪ್ರಕರಣದ ಪ್ರಕಾರ ವೃತ್ತಿ, ವ್ಯಾಪಾರಕ್ಕೆ ಪ್ರತಿಬಂಧ ಒಡ್ಡುವ ಇಂತಹ ಕರಾರು ಸಾಮಾನ್ಯವಾಗಿ ಶೂನ್ಯ. ಅದರ ಬದಲು ಬೆಳೆಗಾರರ ಪಟ್ಟಿಯನ್ನು ನೌಕರರ ಸ್ವಂತ ಮೊಬೈಲ್‌ನಲ್ಲಿ ಇಡದೆ ಸಂಸ್ಥೆಯ ಖಾತೆಯಲ್ಲಿಯೇ ಇಡಬೇಕು. ಕೆಲಸ ಬಿಡುವ ದಿನ ಪ್ರತಿಗಳನ್ನು ಹಿಂದಿರುಗಿಸಿದ ಬಗ್ಗೆ ಲಿಖಿತ ಹೇಳಿಕೆ ಪಡೆದು, ಆ ಖಾತೆಯ ಗುಪ್ತಪದವನ್ನು ಬದಲಿಸಬೇಕು.

3. ಗೌರವಯುತ ನಡವಳಿಕೆ

ಬೈಗುಳ, ಜಾತಿ ಅಥವಾ ಲಿಂಗ ಕುರಿತ ಹೀಯಾಳಿಕೆ, ಅಶ್ಲೀಲ ಸಂದೇಶ ಮುಂತಾದ ನಿಷಿದ್ಧ ಕೃತ್ಯಗಳನ್ನು ಸ್ಪಷ್ಟವಾಗಿ ಹೆಸರಿಸಬೇಕು. ಲೈಂಗಿಕ ಕಿರುಕುಳದ ದೂರಿಗೆ ಮಾತ್ರ 2013ರ ಕೇಂದ್ರ ಅಧಿನಿಯಮವೇ ದಾರಿಯನ್ನು ನಿಗದಿಪಡಿಸಿದೆ. ಹತ್ತಕ್ಕಿಂತ ಕಡಿಮೆ ಮಂದಿ ಕೆಲಸ ಮಾಡುವಲ್ಲಿ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದಲ್ಲಿ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲುತ್ತದೆ. ತಾಲ್ಲೂಕಿನ ನೋಡಲ್ ಅಧಿಕಾರಿಯು ದೂರನ್ನು ಪಡೆದು ಏಳು ದಿನಗಳೊಳಗೆ ಸಮಿತಿಗೆ ಕಳುಹಿಸಬೇಕು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ನೀಡಬೇಕು. ಸಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳವರೆಗೆ ಕಾಲಾವಕಾಶ ನೀಡಬಹುದು.

ನಮ್ಮ ಉದಾಹರಣೆಯ ಪಾಲುದಾರರು “ನಾವು ಏಳೇ ಮಂದಿ” ಎಂದು ಭಾವಿಸಿದರೆ ತಪ್ಪಾಗುತ್ತದೆ. ಅಧಿನಿಯಮದಲ್ಲಿ ದಿನಗೂಲಿಯವರೂ ನೌಕರರೇ. ಸುಗ್ಗಿಯಲ್ಲಿ ಸಂಖ್ಯೆ ಹದಿಮೂರಾಗುವುದರಿಂದ ಆಂತರಿಕ ಸಮಿತಿ ಅಗತ್ಯವಾಗುತ್ತದೆ. ಅದನ್ನು ರಚಿಸದಿದ್ದರೆ ರೂ. 50,000ದವರೆಗೆ ದಂಡವಿದೆ. ಅಧ್ಯಕ್ಷತೆಯನ್ನು ಹಿರಿಯ ಮಹಿಳಾ ನೌಕರರು ವಹಿಸಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು.

ಸಂಹಿತೆಯು ಎರಡು ಪುಟ ಮೀರದಂತೆ ಕನ್ನಡದಲ್ಲಿರಲಿ. ದಿನಗೂಲಿಯವರಿಗೂ ಕೆಲಸದ ಮೊದಲ ದಿನವೇ ಓದಿ ಹೇಳಿ ಸಹಿ ಪಡೆಯತಕ್ಕದ್ದು. ನೋಡಲ್ ಅಧಿಕಾರಿಯ ವಿವರವನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಿ, ಸಂಹಿತೆಯಲ್ಲಿಯೇ ನಮೂದಿಸಿಕೊಳ್ಳಬಹುದು.