ಹಸಿದ ಜೀವಕೋಶ ಯಾವುದನ್ನು ತಿನ್ನುತ್ತದೆ, ಯಾವುದನ್ನು ಉಳಿಸುತ್ತದೆ

ಯೋಶಿನೊರಿ ಓಸುಮಿ 1988ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಆದ ಸಣ್ಣ ಪ್ರಯೋಗಾಲಯ ತೆರೆದಾಗ ಅವರಿಗೆ 43 ವರ್ಷ. ಅಧ್ಯಯನಕ್ಕೆ ಆರಿಸಿಕೊಂಡಿದ್ದು ಆಗ ಹೆಚ್ಚು ಜನ ತಿರುಗಿಯೂ ನೋಡದಿದ್ದ ವಸ್ತು: ಬ್ರೆಡ್ಡಿನ ಹಿಟ್ಟು ಹುದುಗಿಸುವ ಯೀಸ್ಟಿನ ರಸದಾನಿ. ಯೀಸ್ಟ್ ಕೋಶದೊಳಗಿನ ಈ ಚೀಲದ ತುಂಬ ಪ್ರೋಟೀನನ್ನು ಅರಗಿಸುವ ಕಿಣ್ವಗಳಿರುತ್ತವೆ. ನಮ್ಮ ಜೀವಕೋಶಗಳಲ್ಲಿ ಅದೇ ಕೆಲಸವನ್ನು ಲೈಸೋಸೋಮ್ ಎಂಬ ಪುಟ್ಟ ಚೀಲಗಳು ಮಾಡುತ್ತವೆ. ಕೋಶ ತನ್ನದೇ ಭಾಗಗಳನ್ನು ಅಲ್ಲಿಗೆ ಸಾಗಿಸಿ ಕರಗಿಸಿಕೊಳ್ಳುವುದನ್ನು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ 1963ರಲ್ಲೇ 'ಆಟೋಫಜಿ' ಎಂದು ಕರೆದಿದ್ದರು. ಆದರೆ ಸಾಗಿಸುವವರು ಯಾರು, ಹೇಗೆ ಎಂಬುದು ಇಪ್ಪತ್ತೈದು ವರ್ಷ ಕಳೆದರೂ ಸ್ಪಷ್ಟವಾಗಿರಲಿಲ್ಲ. ರಸದಾನಿಗೆ ಹೋದದ್ದೆಲ್ಲ ಕೂಡಲೇ ಕರಗಿಹೋಗುತ್ತಿದ್ದರೆ ನೋಡುವುದಾದರೂ ಏನನ್ನು?

ಓಸುಮಿ ಹಿಡಿದ ದಾರಿ ಸರಳವಾಗಿತ್ತು. ಅರಗಿಸುವ ಕಿಣ್ವಗಳೇ ಇಲ್ಲದ ಯೀಸ್ಟ್ ತಳಿಯನ್ನು ತೆಗೆದುಕೊಂಡರು, ಅದಕ್ಕೆ ಸಾರಜನಕ ಸಿಗದಂತೆ ಮಾಡಿ ಉಪವಾಸ ಕೆಡವಿದರು. ಒಳಗೆ ಹೋದದ್ದು ಕರಗದೆ ಉಳಿದೀತು ಎಂಬುದು ಅವರ ಲೆಕ್ಕಾಚಾರ. ಕೆಲವೇ ಗಂಟೆಗಳಲ್ಲಿ ರಸದಾನಿಯ ತುಂಬ ಸಣ್ಣ ಸಣ್ಣ ಗುಳ್ಳೆಗಳು ಕುಣಿದಾಡುತ್ತಿದ್ದವು, ಸಾಧಾರಣ ಸೂಕ್ಷ್ಮದರ್ಶಕಕ್ಕೇ ಕಾಣುವಷ್ಟು ದೊಡ್ಡವು. 1993ರ ಹೊತ್ತಿಗೆ ಅವರೂ ಅವರ ವಿದ್ಯಾರ್ಥಿನಿಯೂ ಸೇರಿ ಸಾವಿರಾರು ರೂಪಾಂತರಿತ ಯೀಸ್ಟ್‌ಗಳನ್ನು ಸೋಸಿ, ಈ ಗುಳ್ಳೆಗಳು ಮೂಡಲು ಬೇಕಾದ 15 ಜೀನ್‌ಗಳನ್ನು ಗುರುತಿಸಿದ್ದರು. 2016ರ ನೊಬೆಲ್ ಬಂದದ್ದು ಈ ಕೆಲಸಕ್ಕೆ.

ಆ ಜೀನ್‌ಗಳು ಹೇಳಿದ ಕಥೆ ಸುಮಾರಾಗಿ ಹೀಗಿದೆ. ಕೋಶದಲ್ಲಿ ಟಾರ್ ಎಂಬ ಪ್ರೋಟೀನು ಇದೆ. ಅಮೈನೋ ಆಮ್ಲಗಳು ಸಾಕಷ್ಟಿರುವ ತನಕ ಅದು ಚುರುಕಾಗಿದ್ದು, ಆಟೋಫಜಿಯನ್ನು ಶುರುಮಾಡುವ ಪ್ರೋಟೀನುಗಳ ಮೇಲೆ ಫಾಸ್ಫೇಟ್ ಅಂಟಿಸಿ ಅವನ್ನು ಸುಮ್ಮನಿರಿಸುತ್ತದೆ. ಆಹಾರ ನಿಂತರೆ ಟಾರ್ ಮಂಕಾಗುತ್ತದೆ, ಫಾಸ್ಫೇಟ್ ಕಳಚಿಕೊಳ್ಳುತ್ತದೆ, ಸುಮ್ಮನಿದ್ದವು ಒಂದೆಡೆ ಗುಂಪುಗೂಡುತ್ತವೆ. ಗಮನಿಸಬೇಕಾದದ್ದು, ಹಸಿವು ಇಲ್ಲಿ ಏನನ್ನೂ ಹೊಸದಾಗಿ ಹೊತ್ತಿಸುವುದಿಲ್ಲ, ಇದ್ದ ತಡೆಯನ್ನು ತೆಗೆಯುತ್ತದೆ. ಅದಕ್ಕೇ ನಿಮಿಷಗಳಲ್ಲಿ ಕೆಲಸ ಶುರುವಾಗಿಬಿಡುತ್ತದೆ.

ಆ ಗುಂಪಿನ ಬಳಿಗೆ ಕೆಲವು ಅತಿ ಸಣ್ಣ ಗುಳ್ಳೆಗಳು ಬಂದು ಸೇರಿ ಒಂದು ಪೊರೆಯ ಚೂರಾಗುತ್ತವೆ. ಚೂರು ದೊಡ್ಡದಾಗಲು ಕೊಬ್ಬು ಬೇಕು. ಅದನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಜಾಲದಿಂದ ಇಲ್ಲಿಗೆ ಹರಿಸುವುದು ಉದ್ದನೆಯ, ಸೇತುವೆಯಂತಹ ಒಂದು ಪ್ರೋಟೀನು. ಪೊರೆ ಬೆಳೆಯುತ್ತ ಬಟ್ಟಲಿನಂತೆ ಬಾಗಿ, ಎದುರಿಗೆ ಸಿಕ್ಕಿದ್ದನ್ನು ಒಳಗೆ ಮಾಡಿಕೊಂಡು ಬಾಯಿ ಮುಚ್ಚುತ್ತದೆ. ಇದೆಲ್ಲ ಆಗುವುದಕ್ಕೆ ಸುಮಾರು ಹತ್ತು ನಿಮಿಷ. ಈ ಎರಡು ಪದರದ ಚೀಲ ಲೈಸೋಸೋಮಿಗೆ ಹೋಗಿ ಕೂಡಿಕೊಳ್ಳುತ್ತದೆ. ಹೊರಪದರ ಲೈಸೋಸೋಮಿನ ಪೊರೆಯಲ್ಲಿ ಬೆರೆಯುತ್ತದೆ, ಒಳಪದರವೂ ಅದರೊಳಗಿನ ಸರಕೂ ಆಮ್ಲಕ್ಕೆ ಬಿದ್ದು ಕರಗುತ್ತವೆ. ಸಿಕ್ಕ ಅಮೈನೋ ಆಮ್ಲಗಳು ಲೈಸೋಸೋಮಿನಿಂದ ಆಚೆಗೆ ಬಂದು ಹೊಸ ಪ್ರೋಟೀನಿಗೋ ಇಂಧನಕ್ಕೋ ಒದಗುತ್ತವೆ. ಅವು ಸಾಕಷ್ಟು ಕೂಡಿದಾಗ ಟಾರ್ ಮತ್ತೆ ಎಚ್ಚೆತ್ತು ತಡೆ ಹಾಕುತ್ತದೆ.

ಇದಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 2004ರಲ್ಲಿ ಇಲಿಮರಿಗಳಲ್ಲಿ ನೋಡಿದರು. ತಾಯಿಯ ಹೊಕ್ಕುಳಬಳ್ಳಿ ಕಡಿದು, ಹಾಲು ಇನ್ನೂ ಹೊಟ್ಟೆ ಸೇರದ ಆ ಹೊತ್ತಿನಲ್ಲಿ ಮರಿಯ ಹೃದಯ, ಶ್ವಾಸಕೋಶ, ಸ್ನಾಯುಗಳಲ್ಲೆಲ್ಲ ಆಟೋಫಜಿ ಏರುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಅದಕ್ಕೆ ಬೇಕಾದ ಒಂದು ಜೀನ್ ಇಲ್ಲದ ಮರಿಗಳು ಹುಟ್ಟುವಾಗ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತಿದ್ದವು, ಆದರೆ ಒಂದು ದಿನದೊಳಗೆ ಸತ್ತವು. ಅವುಗಳ ರಕ್ತದಲ್ಲಿ ಅಮೈನೋ ಆಮ್ಲ ಕಡಿಮೆಯಾಗಿತ್ತು.

ಇನ್ನು ಬಟ್ಟಲಿಗೆ ಸಿಕ್ಕುವುದು ಯಾವುದು ಎಂಬ ಪ್ರಶ್ನೆ. ಹಸಿವಿನ ಆಟೋಫಜಿ ಮಟ್ಟಿಗೆ ಕುರುಡು ಎಂದೇ ಬಹುಕಾಲ ನಂಬಿದ್ದರು, ಬಹುಪಾಲಿಗೆ ಅದು ನಿಜವೂ ಹೌದು. ಆದರೆ ಕೋಶಕ್ಕೆ ಶಕ್ತಿ ಕೊಡುವ ಕಣದಂಗ ಮೈಟೋಕಾಂಡ್ರಿಯಾವನ್ನೇ ತಿಂದು ಮುಗಿಸಿದರೆ, ಉಳಿದ ಅಮೈನೋ ಆಮ್ಲವನ್ನು ಉರಿಸುವುದು ಎಲ್ಲಿ? 2011ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಇದಕ್ಕೆ ಉತ್ತರ ಕೊಟ್ಟವು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಸೊಗಸಾದ ಭಾಗ ಇದು. ಮೈಟೋಕಾಂಡ್ರಿಯಾಗಳು ಸದಾ ಒಡೆಯುತ್ತ, ಕೂಡುತ್ತ ಇರುತ್ತವೆ. ಉಪವಾಸ ಬಿದ್ದ ಕೋಶದಲ್ಲಿ ಒಡೆಯುವ ಪ್ರೋಟೀನಿಗೆ ಕಡಿವಾಣ ಬೀಳುತ್ತದೆ. ಕೂಡುವುದು ಮಾತ್ರ ನಡೆದೇ ಇರುವುದರಿಂದ ಬಿಡಿ ಬಿಡಿ ಮೈಟೋಕಾಂಡ್ರಿಯಾಗಳು ಬೆಸೆದು ಉದ್ದುದ್ದ ಎಳೆಗಳಾಗುತ್ತವೆ. ಒಂದು ಮೈಕ್ರಾನ್ ಆಸುಪಾಸಿನ ಬಟ್ಟಲಿಗೆ ಅಷ್ಟುದ್ದದ ಎಳೆ ಹಿಡಿಸುವುದಿಲ್ಲ. ಕೂಡುವ ಶಕ್ತಿಯನ್ನೇ ಕಿತ್ತುಹಾಕಿದ ಕೋಶಗಳಲ್ಲಿ ಉಪವಾಸ ಕೆಡವಿದಾಗ ಚೂರಾದ ಮೈಟೋಕಾಂಡ್ರಿಯಾಗಳು ಆಟೋಫಜಿಗೆ ತುತ್ತಾದವು.

ಒಂದು ಮೈಟೋಕಾಂಡ್ರಿಯಾ ಮತ್ತೊಂದರ ಜೊತೆ ಕೂಡಬೇಕಾದರೆ ಅದರ ಒಳಪೊರೆಯ ಎರಡೂ ಬದಿಗಳ ನಡುವೆ ವಿದ್ಯುತ್ ವ್ಯತ್ಯಾಸ ಇರಬೇಕು. ಹಾನಿಗೊಂಡದ್ದರಲ್ಲಿ ಅದು ಕುಸಿದಿರುತ್ತದೆ. ಹಾಗಾಗಿ ಕೆಟ್ಟದ್ದು ಎಳೆಯೊಳಗೆ ಸೇರಲಾಗದೆ ಹೊರಗೇ ಉಳಿಯುತ್ತದೆ, ಬಟ್ಟಲಿಗೆ ಸಿಗುವಷ್ಟು ಚಿಕ್ಕದಾಗಿ.

ಅದನ್ನು ಗುರುತಿಸಲು ಬೇರೊಂದು ಏರ್ಪಾಟೂ ಇದೆ, ಅದಕ್ಕೆ ಹಸಿವಿನ ಅಗತ್ಯವಿಲ್ಲ. ಪಿಂಕ್1 ಎಂಬ ಪ್ರೋಟೀನು ಆರೋಗ್ಯವಂತ ಮೈಟೋಕಾಂಡ್ರಿಯಾದ ಒಳಗೆ ಎಳೆಯಲ್ಪಟ್ಟು ತಕ್ಷಣ ನಾಶವಾಗುತ್ತದೆ. ವಿದ್ಯುತ್ ಕುಸಿದರೆ ಒಳಗೆ ಹೋಗಲಾಗದೆ ಹೊರಮೈ ಮೇಲೆ ಜಮಾಯಿಸುತ್ತದೆ, ಪಾರ್ಕಿನ್ ಎಂಬ ಇನ್ನೊಂದನ್ನು ಕರೆಸಿಕೊಳ್ಳುತ್ತದೆ. ಇವೆರಡೂ ಸೇರಿ ಮೈಟೋಕಾಂಡ್ರಿಯಾದ ಮೈಗೆ ಯುಬಿಕ್ವಿಟಿನ್ ಎಂಬ ಗುರುತು ಹಚ್ಚುತ್ತವೆ. ಬೆಳೆಯುತ್ತಿರುವ ಪೊರೆ ಆ ಗುರುತಿಗೆ ಅಂಟಿಕೊಂಡು ಅದೊಂದನ್ನೇ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಈ ಎರಡರಲ್ಲಿ ಯಾವುದೊಂದರ ಜೀನ್ ಕೆಟ್ಟರೂ ಎಳೆಯ ವಯಸ್ಸಿನಲ್ಲೇ ಪಾರ್ಕಿನ್ಸನ್ ಕಾಯಿಲೆ ಬರಬಹುದು. ಆದರೂ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಇದರ ಬಹುಪಾಲು ವಿವರ ದೊರೆತದ್ದು ಮೈಟೋಕಾಂಡ್ರಿಯಾವನ್ನು ರಾಸಾಯನಿಕದಿಂದ ಕೆಡಿಸಿದ, ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದ. ಪಿಂಕ್1 ಇಲ್ಲದ ಇಲಿಗಳಲ್ಲೂ ದಿನನಿತ್ಯದ ಮೈಟೋಕಾಂಡ್ರಿಯಾ ವಿಲೇವಾರಿ ನಡೆದೇ ಇರುತ್ತದೆ.

ಆಟೋಫಜಿ ನಡೆಯುತ್ತಿದೆಯೆಂದು ತಿಳಿಯುವುದೂ ತೋರುವಷ್ಟು ಸುಲಭವಲ್ಲ. ಚೀಲದ ಪೊರೆಗೆ ಅಂಟುವ ಎಲ್‌ಸಿ3 ಎಂಬ ಪ್ರೋಟೀನಿಗೆ ಹೊಳೆಯುವ ಬಣ್ಣ ಕಟ್ಟಿ ಚುಕ್ಕೆಗಳನ್ನು ಎಣಿಸುವುದು ರೂಢಿ. ಚುಕ್ಕೆ ಹೆಚ್ಚಾದರೆ ಚೀಲಗಳು ಹೆಚ್ಚು ತಯಾರಾಗುತ್ತಿರಬಹುದು. ಇಲ್ಲವೇ ತಯಾರಾದವು ಕರಗದೆ ದಾರಿಯಲ್ಲಿ ನಿಂತಿರಬಹುದು. ಎರಡೂ ಒಂದೇ ತರ ಕಾಣುತ್ತವೆ. ಆದ್ದರಿಂದ ಲೈಸೋಸೋಮಿನ ಆಮ್ಲ ಆರಿಸುವ ಔಷಧಿಯನ್ನು ಹಾಕಿ ಇನ್ನೊಮ್ಮೆ ಎಣಿಸುತ್ತಾರೆ. ಚುಕ್ಕೆಗಳು ಮತ್ತಷ್ಟು ಹೆಚ್ಚಿದರೆ ಹರಿವು ಇತ್ತೆಂದು ಅರ್ಥ, ಹೆಚ್ಚದಿದ್ದರೆ ಮೊದಲೇ ಎಲ್ಲೋ ಕಟ್ಟಿಕೊಂಡಿತ್ತು. ಓಸುಮಿ ಯೀಸ್ಟಿನಲ್ಲಿ ಮಾಡಿದ ಉಪಾಯವೇ ಇದು, ಔಷಧಿಯ ರೂಪದಲ್ಲಿ.

ಬದುಕಿರುವ ಮನುಷ್ಯನ ಯಕೃತ್ತಿಗೋ ಮಿದುಳಿಗೋ ಹೀಗೆ ಔಷಧಿ ಹಾಕಿ ಮುಂಚೆ, ಆಮೇಲೆ ಎಂದು ಎಣಿಸಲಾಗುವುದಿಲ್ಲ. 'ಹದಿನಾರು ಗಂಟೆ ಊಟ ಬಿಟ್ಟರೆ ದೇಹ ಶುದ್ಧವಾಗುತ್ತದೆ, ನೊಬೆಲ್ ಕೊಟ್ಟಿದ್ದಾರೆ' ಎಂದು ಏಕಾದಶಿಯ ಚಿತ್ರದೊಂದಿಗೆ ಮೊಬೈಲಿನಲ್ಲಿ ಓಡಾಡುವ ಸಂದೇಶಗಳ ಆ ಹದಿನಾರು ನೊಬೆಲ್ ಪಡೆದ ಕೆಲಸದಲ್ಲಿ ಎಲ್ಲೂ ಇಲ್ಲ. ಅಲ್ಲಿದ್ದದ್ದು ಸಾರಜನಕ ಕಳೆದುಕೊಂಡ ಯೀಸ್ಟ್.