ಎರಡೂ ತುದಿ ಕಾಯುತ್ತಾ ಕೂತಾಗ

ಟೆಲ್ನೆಟ್‌ನಲ್ಲಿ ಒಂದು ಅಕ್ಷರ ಒತ್ತಿದರೆ ಜಾಲಕ್ಕೆ ಇಳಿಯುವುದು 41 ಬೈಟ್. ಅಕ್ಷರಕ್ಕೆ ಬೇಕಾದದ್ದು ಒಂದೇ ಬೈಟ್, ಉಳಿದ 40 ವಿಳಾಸ, ಕ್ರಮಸಂಖ್ಯೆಗಳಂಥ ವಿವರಗಳಿಗೆ ಹೋಗುತ್ತದೆ. ಇಂಥ ಪುಟ್ಟ ಪ್ಯಾಕೆಟ್‌ಗಳು ನಿಧಾನದ ಜಾಲವನ್ನು ಕಟ್ಟಿಹಾಕುತ್ತಿದ್ದವು. ಫೋರ್ಡ್ ಏರೋಸ್ಪೇಸ್‌ನಲ್ಲಿದ್ದ ಜಾನ್ ನೇಗಲ್ 1984ರಲ್ಲಿ ಇದಕ್ಕೊಂದು ನಿಯಮ ಸೂಚಿಸಿದರು. ಹಿಂದೆ ಕಳಿಸಿದ್ದಕ್ಕೆ ಸ್ವೀಕೃತಿ ಬರುವುದು ಬಾಕಿಯಿದ್ದರೆ, ಹೊಸದಾಗಿ ಬಂದ ಚೂರುಪಾರು ಬೈಟ್‌ಗಳನ್ನು ಕೂಡಿಡಬೇಕು. ಸ್ವೀಕೃತಿ ಬಂದಾಗ ಅಥವಾ ಒಂದು ಪೂರ್ಣ ಪ್ಯಾಕೆಟ್ ತುಂಬಿದಾಗ ಕಳಿಸಬೇಕು. ಈ ನಿಯಮದಲ್ಲಿ ಗಡಿಯಾರವೇ ಇಲ್ಲ. ಜಾಲ ಚುರುಕಾಗಿದ್ದರೆ ಸ್ವೀಕೃತಿ ಬೇಗ ಬರುತ್ತದೆ, ಕಾಯುವ ಹೊತ್ತೂ ತಾನಾಗಿಯೇ ಇಳಿಯುತ್ತದೆ. ನಿಜಕ್ಕೂ ಸೊಗಸಾದ ಯೋಚನೆ.

ಸ್ವೀಕರಿಸುವ ಕಡೆಯಲ್ಲಿ ಇನ್ನೊಂದು ಉಳಿತಾಯ ನಡೆಯುತ್ತದೆ. ದತ್ತಾಂಶ ಬಂದ ಕೂಡಲೇ ಬರಿಯ ಸ್ವೀಕೃತಿ ಕಳಿಸದೆ ತುಸು ತಡೆದರೆ, ಪ್ರೋಗ್ರಾಂ ಕೊಡುವ ಉತ್ತರದ ಪ್ಯಾಕೆಟ್‌ನಲ್ಲೇ ಅದೂ ಹೋಗುತ್ತದೆ. 1989ರ ಮಾನದಂಡದ ಪ್ರಕಾರ ಈ ತಡ ಅರ್ಧ ಸೆಕೆಂಡಿಗಿಂತ ಕಡಿಮೆ ಇರಬೇಕು. ಬಿಎಸ್‌ಡಿ ಪರಂಪರೆಯ ವ್ಯವಸ್ಥೆಗಳಲ್ಲಿ ಅದು 200 ಮಿಲಿಸೆಕೆಂಡ್ ಮುಟ್ಟುತ್ತಿತ್ತು, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 40.

ಬಿಡಿಬಿಡಿಯಾಗಿ ನೋಡಿದರೆ ಎರಡರಲ್ಲೂ ತಪ್ಪಿಲ್ಲ. ಒಂದು ಪ್ರೋಗ್ರಾಂ ತನ್ನ ಕೋರಿಕೆಯನ್ನು ಎರಡು ಸಲ ಬರೆಯುತ್ತದೆ ಎಂದುಕೊಳ್ಳಿ: ಮೊದಲು 20 ಬೈಟ್‌ನ ತಲೆಬರಹ, ಆಮೇಲೆ 60 ಬೈಟ್‌ನ ಒಡಲು. ತಲೆಬರಹ ತಕ್ಷಣ ಹೊರಡುತ್ತದೆ. ಅದರ ಸ್ವೀಕೃತಿ ಬಂದಿಲ್ಲವಾದ್ದರಿಂದ ಒಡಲು ಕಳಿಸುವವರಲ್ಲೇ ಉಳಿಯುತ್ತದೆ. ಆಚೆಯ ಸರ್ವರ್‌ಗೆ ಸಿಕ್ಕಿದ್ದು ಅರ್ಧ ಕೋರಿಕೆ, ಅದಕ್ಕೆ ಉತ್ತರ ಕೊಡಲಾಗದು. ಉತ್ತರವಿಲ್ಲದ ಮೇಲೆ ಸ್ವೀಕೃತಿಯೂ ಹೊರಡುವುದಿಲ್ಲ. ಕೊನೆಗೆ ಸರ್ವರ್‌ನ ಟೈಮರ್ ಮುಗಿದು ಬರಿಯ ಸ್ವೀಕೃತಿ ಬರುತ್ತದೆ, ಆಗಷ್ಟೇ ಒಡಲು ಹೊರಡುತ್ತದೆ. ಒಂದು ಮಿಲಿಸೆಕೆಂಡಿನಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ 40 ತಗುಲಿದರೆ, ಒಂದಾದ ಮೇಲೊಂದರಂತೆ ಸೆಕೆಂಡಿಗೆ 25 ಕೋರಿಕೆಗಳೂ ಸಾಗುವುದಿಲ್ಲ. ಅಷ್ಟೂ ಹೊತ್ತು ಜಾಲವೂ ಖಾಲಿ, ಪ್ರೊಸೆಸರ್ರೂ ಖಾಲಿ.

ಒಮ್ಮೆ ಬರೆದು ಉತ್ತರಕ್ಕೆ ಕಾಯುವ ಪ್ರೋಗ್ರಾಂಗೆ ಈ ಕಾಟವಿಲ್ಲ. ಎರಡು ಬರಹ, ಆಮೇಲೆ ಒಂದು ಓದು ಎಂಬ ಕ್ರಮವೇ ಕುತ್ತು. `tcpdump`ನಲ್ಲಿ ಇದರ ಗುರುತು ಸ್ಪಷ್ಟ: ಸಣ್ಣ ಪ್ಯಾಕೆಟ್, 40 ಮಿಲಿಸೆಕೆಂಡ್ ಮೌನ, ದತ್ತಾಂಶವಿಲ್ಲದ ಸ್ವೀಕೃತಿ, ಅದರ ಬೆನ್ನಿಗೇ ಇನ್ನೊಂದು ಸಣ್ಣ ಪ್ಯಾಕೆಟ್. ಸಂಪರ್ಕದ ಆರಂಭದಲ್ಲಿ ಲಿನಕ್ಸ್ ಸ್ವೀಕೃತಿಯನ್ನು ತಡೆಯುವುದಿಲ್ಲ, ಹಾಗಾಗಿ ಚುಟುಕು ಪರೀಕ್ಷೆಯಲ್ಲಿ ತೊಂದರೆ ಕಾಣದೆಯೂ ಇರಬಹುದು.

ನೇಗಲ್ ನಿಯಮವನ್ನು ಒಂದು ಸಾಲಿನಲ್ಲಿ ಆರಿಸಬಹುದು:

```c
setsockopt(fd, IPPROTO_TCP, TCP_NODELAY, &one, sizeof one);
```

ಇಲ್ಲಿ `one` ಎಂದರೆ 1 ಬೆಲೆಯ ಪೂರ್ಣಾಂಕ. ಆದರೆ ಬೈಟ್ ಬೈಟಾಗಿ ಬರೆಯುವ ಪ್ರೋಗ್ರಾಂನಲ್ಲಿ ಹೀಗೆ ಮಾಡಿದರೆ 41 ಬೈಟ್‌ನ ಹಳೆಯ ಪ್ಯಾಕೆಟ್‌ಗಳೇ ಮರಳಿ ಬರುತ್ತವೆ. ತಲೆಬರಹ, ಒಡಲು ಎರಡನ್ನೂ ಒಂದೇ ಬಫರ್‌ಗೆ ಸೇರಿಸಿ, ಇಲ್ಲವೇ `writev` ಮೂಲಕ, ಒಮ್ಮೆಗೇ ಕಳಿಸುವುದು ಮೊದಲ ಮದ್ದು. `TCP_NODELAY` ಅದರ ನಂತರದ್ದು.